ಕೆಳಗಿನ ಮನೆಗೆ ಸದ್ದು ಹೋಗ್ಬಾರ್ದು ಅಂತ ನೆಲ ಹಾಕಿಸಿ, ಆಮೇಲೆ ಸ್ಕರ್ಟಿಂಗ್ ಕಿತ್ತ ಕತೆ

ಕೆಳಗಿನ ಮನೆ ಆಂಟಿ ವರ್ಷದಿಂದ ಹೇಳ್ತಾನೇ ಇದ್ರು, ಮಗು ಓಡಿದ್ರೆ, ಕುರ್ಚಿ ಎಳೆದ್ರೆ ನಮ್ಮ ತಲೆ ಮೇಲೇ ಬಡಿದ ಹಾಗಾಗುತ್ತೆ ಅಂತ. ಪಾಪ ಅವರೇ ಫಾಲ್ಸ್ ಸೀಲಿಂಗ್ ಕೂಡ ಮಾಡಿಸ್ಕೊಂಡಿದ್ರು. ಸ್ವಲ್ಪ ಕಡಿಮೆ ಆಯ್ತು ಅಷ್ಟೆ, ಯಾಕಂದ್ರೆ ಪೆಟ್ಟು ಒಂದ್ಸಲ ಸ್ಲ್ಯಾಬಿಗೆ ಬಿತ್ತು ಅಂದ್ರೆ ಅದು ಗೋಡೆಗಳಿಗೂ ಹತ್ತಿ ಕೆಳಗಿಳಿಯುತ್ತೆ, ಮೇಲ್ಗಡೆ ಮುಚ್ಚಿದ್ರೆ ಗೋಡೆಯಿಂದ ಕೇಳ್ಸುತ್ತೆ. ತಡೆಯೋದಾದ್ರೆ ಪೆಟ್ಟು ಸ್ಲ್ಯಾಬ್ ಮುಟ್ಟೋಕೆ ಮುಂಚೇನೇ ತಡೀಬೇಕು. ನಮ್ಮ ಬೆಡ್‌ರೂಮ್ ಟೈಲ್ಸ್ ಹೇಗೂ ಬದಲಾಯಿಸೋದಿತ್ತು, ಸರಿ ಇದೂ ಆಗ್ಲಿ ಅಂದ್ಕೊಂಡೆ.

ಐಡಿಯಾ ಸಿಂಪಲ್. ಸ್ಲ್ಯಾಬ್ ಮೇಲೆ ಮೆತ್ತನೆ ಫೋಮ್ ಪದರ, ಅದರ ಮೇಲೆ ಸ್ಕ್ರೀಡ್ ಅನ್ನೋ ಗಟ್ಟಿ ಕಾಂಕ್ರೀಟ್ ಪದರ, ಅದರ ಮೇಲೆ ಟೈಲ್ಸ್, ಇಷ್ಟೂ ಒಂದು ಹಲಗೆ ತರ ಎಲ್ಲೂ ಗೋಡೆ ಮುಟ್ಟದೆ ತೇಲ್ತಾ ಇರ್ಬೇಕು. ಆದ್ರೆ ಭಾರ ನೋಡ್ಕೊಳ್ಳಿ: 50 ಎಂಎಂ ಸ್ಕ್ರೀಡ್ ಅಂದ್ರೆ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 100 ಕೆಜಿ, ನಮ್ಮ 12x10 ಅಡಿ ರೂಮಿಗೆ ಒಂದು ಟನ್ ದಾಟುತ್ತೆ. ನಾವು ಹಳೇ ಟೈಲ್ಸು, ಅದರ ಕೆಳಗಿನ ದಪ್ಪ ಗಾರೆ ಎಲ್ಲಾ ಕಿತ್ತು ಹಾಕಿದ್ರಿಂದ ಸರಿಹೋಯ್ತು, ಅದೂ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಿದ ಮೇಲೇನೇ. ಹಳೇ ನೆಲದ ಮೇಲೇ ಸುರಿಯೋಕೆ ಹೋಗ್ಬೇಡಿ.

ಸ್ಲ್ಯಾಬ್ ಮೇಲಿನ ಉಬ್ಬುಗಳನ್ನೆಲ್ಲ ಕೆತ್ತಿ ಗುಡಿಸಿದ್ವಿ, ಒಂದು ಸಣ್ಣ ಕಲ್ಲು ಫೋಮ್ ತೂರಿ ಬಂದ್ರೂ ಅಲ್ಲಿ ಕನೆಕ್ಷನ್ ಆಗ್ಬಿಡುತ್ತೆ. ಆಮೇಲೆ ಗೋಡೆ ಸುತ್ತ 10 ಎಂಎಂ ಫೋಮ್ ಪಟ್ಟಿ ನಿಲ್ಲಿಸಿ, ಅದು ಟೈಲ್ಸ್ ಮಟ್ಟಕ್ಕಿಂತ ಮೇಲೆ ಬರೋ ಹಾಗೆ ಬಿಟ್ಟು, ನೆಲಕ್ಕೆ 10 ಎಂಎಂ ಪಾಲಿಎಥಿಲೀನ್ ಫೋಮ್ ಶೀಟ್ ಅಂಚಿಗೆ ಅಂಚು ಕೂಡಿಸಿ ಟೇಪ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅದನ್ನೂ ಗೋಡೆ ಮೇಲಕ್ಕೆ ತಂದ್ವಿ. ಹಾಳೆ ಯಾಕೆ ಅಂದ್ರೆ ಸಿಮೆಂಟ್ ಹಾಲು ಸಂದಿಗಿಳಿದು ಗಟ್ಟಿಯಾದ್ರೆ ಅದೂ ಒಂದು ಸೇತುವೆನೇ. ಬಾಗಿಲ ಹೊಸ್ತಿಲಲ್ಲೂ ಪಟ್ಟಿ ಬೇಕು, ಪಕ್ಕದ ರೂಮಿನ ನೆಲಕ್ಕೆ ಅಂಟ್ಕೋಬಾರ್ದು.

ಸ್ಕ್ರೀಡ್ ಸುರಿದು, ಟೈಲ್ಸ್ ಹಾಕಿ ಒಣಗಿದ ಮೇಲೆ ಆಂಟಿ ಕೆಳಗೆ ನಿಂತ್ರು, ಫೋನಲ್ಲಿ ಮಾತಾಡ್ತಾ ನಾನು ಮೇಲಿಂದ ಮರದ ಲಟ್ಟಣಿಗೆ ಮೊಣಕಾಲೆತ್ತರದಿಂದ ಬೀಳಿಸ್ತಾ ಹೋದೆ. ಮಧ್ಯದಲ್ಲಿ "ಏನೂ ಗೊತ್ತಾಗ್ತಿಲ್ಲಪ್ಪ" ಅಂದ್ರು. ಪಕ್ಕದ ಮನೆ ಜೊತೆ ಹಂಚ್ಕೊಂಡಿರೋ ಗೋಡೆ ಮೂಲೆಗೆ ಬಂದಾಗ ಮಾತ್ರ "ಹಾಂ, ಇದು ಹಳೇ ಟಕ್ ಟಕ್ ಅದೇ" ಅಂದ್ರು. ಪಕ್ಕದ ಮನೆಯವರಿಗೂ ಅದೇ ಟಕ್ ಕೇಳ್ತು.

ಸಾಮಾನ್ಯವಾಗಿ ಕಳ್ಳ ಸ್ಕರ್ಟಿಂಗೇ. ಟೈಲ್ಸ್ ಮತ್ತೆ ಸ್ಕರ್ಟಿಂಗ್ ನಡುವೆ 3 ಎಂಎಂ ಬಿಡಿಸಿದ್ದೆ, ಅದರಲ್ಲಿ ಗ್ರೌಟ್ ಬೇಡ, ಮೆತ್ತಗಿರೋ ಸೀಲೆಂಟೇ ಹಾಕಿ ಅಂತ ಹತ್ತು ಸಲ ಹೇಳಿದ್ದೆ. ಸೀಲೆಂಟ್ ಇನ್ನೂ ಹಾಕಿರಲಿಲ್ಲ, ಹಾಗಾಗಿ ಒಂದು ಹಳೇ ಪ್ಲಾಸ್ಟಿಕ್ ಕಾರ್ಡ್ ಆ ಸಂದಿಯಲ್ಲಿ ತೂರಿಸ್ಕೊಂಡು ಗೋಡೆ ಉದ್ದಕ್ಕೂ ಎಳೆದೆ. ಸಲೀಸಾಗಿ ಬರ್ತಿದ್ದಿದ್ದು ಆ ಮೂಲೆ ಹತ್ರ ಗಕ್ ಅಂತ ನಿಂತ್ಕೊಳ್ತು. ಮೂರು ಸ್ಕರ್ಟಿಂಗ್ ತುಂಡು ಕಿತ್ತು ನೋಡಿದ್ರೆ ಯಾರೋ ಟೈಲ್ಸ್ ಕೂರಿಸೋಕೆ ಅಡ್ಡ ಅಂತ ಫೋಮ್ ಪಟ್ಟಿನ ಮುಂಚೇನೇ ಕತ್ತರಿಸ್ಬಿಟ್ಟಿದಾರೆ, ಟೈಲ್ಸ್ ಅಂಟು ಒಂದಡಿ ಉದ್ದಕ್ಕೆ ಗೋಡೆಗೆ ಗಟ್ಟಿಯಾಗಿ ಕೂತಿದೆ. ಪಟ್ಟಿ ಕತ್ತರಿಸೋದು ಗ್ರೌಟ್ ಎಲ್ಲಾ ಮುಗಿದ ಮೇಲೆ, ಸ್ಕರ್ಟಿಂಗ್ ಹಚ್ಚೋಕೆ ಸ್ವಲ್ಪ ಮುಂಚೆ. ಇದನ್ನ ನಾನು ಬಾಯಲ್ಲಿ ಹೇಳಿದ್ದೆ, ಆ ದಿನ ನಿಂತು ನೋಡಿರಲಿಲ್ಲ.

ರಿಪೇರಿಗೆ ಅರ್ಧ ದಿನ ಹಿಡೀತು. ಹ್ಯಾಕ್ಸಾ ಬ್ಲೇಡಲ್ಲಿ ಆ ಅಂಟನ್ನ ಕೆಳಗಿನ ಫೋಮ್ ಸಿಗೋವರೆಗೂ ಕೊಯ್ದು, ವ್ಯಾಕ್ಯೂಮ್ ಮಾಡಿ ಪುಡಿ ತೆಗೆದು, ಹೊಸ ಪಟ್ಟಿ ತುರುಕಿದ್ವಿ. ಸ್ಕರ್ಟಿಂಗನ್ನ ಗೋಡೆಗೆ ಮಾತ್ರ ಅಂಟಿಸಿ ಕೆಳಗಿನ ಸಂದಿಗೆ ಸೀಲೆಂಟ್. ಮತ್ತೆ ಲಟ್ಟಣಿಗೆ ಬೀಳಿಸಿದಾಗ ಆಂಟಿ "ಶುರು ಮಾಡಿದ್ಯಾ?" ಅಂತ ಕೇಳಿದ್ರು, ನಾನಾಗ್ಲೇ ನಾಲ್ಕು ಸಲ ಬೀಳಿಸಿದ್ದೆ.

ಪಕ್ಕದ ಮನೆ ಟಿವಿ ಮಾತ್ರ ಮೊದಲಿನ ಹಾಗೇ ಕೇಳ್ಸುತ್ತೆ. ಅದು ಗಾಳಿಯಲ್ಲಿ ಬಂದು ಗೋಡೆನೇ ಅಲ್ಲಾಡಿಸೋ ಸದ್ದು, ನೆಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೆ ಹಳೇ ಗೋಡೆ ಮುಟ್ಟದ ಹಾಗೆ ಬೇರೆ ಫ್ರೇಮ್ ನಿಲ್ಲಿಸಿ, ಒಳಗೆ ಗ್ಲಾಸ್‌ವೂಲ್ ತುಂಬಿ, ಎರಡು ಪದರ ಜಿಪ್ಸಮ್ ಬೋರ್ಡ್ ಹೊಡಿಸ್ಬೇಕು, ರೂಮಲ್ಲಿ ನಾಲ್ಕಿಂಚು ಹೋಗುತ್ತೆ. ಮಂಚ ಅಳೆದು ನೋಡಿದೆ, ವಾರ್ಡ್‌ರೋಬ್ ಬಾಗಿಲು ತೆರೆಯಲ್ಲ. ಸದ್ಯಕ್ಕೆ ಬಿಟ್ಟಿದೀನಿ.