ಪ್ಲಾಸ್ಟಿಕ್ಕಿನೊಳಗೆ ಅಲೆ ಹೊಕ್ಕರೆ ಕಾಂತಕ್ಷೇತ್ರ ಎಷ್ಟಾಗುತ್ತದೆ? ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕೋಣ

ಧಾರವಾಡದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಸಿಇಟಿ ಹತ್ತಿರ ಬಂದಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಈ ಸಲ ಅದನ್ನು ತಂದವಳು ದಿನಾ ಗದಗಿನಿಂದ ರೈಲಿನಲ್ಲಿ ಬರುವ ಹುಡುಗಿ. ನೋಟ್‌ಬುಕ್ ಮುಂದೆ ಇಟ್ಟು, "ಸರ್, ಇ ಅನ್ನು ಸಿ ಇಂದ ಭಾಗಿಸಿದರ ಬಿ ಬರ್ತದ ಅಲ್ಲೇನ್ರಿ? ನನ್ನ ಉತ್ತರ ಯಾಕ ತಪ್ಪಾತು?" ಅಂದಳು.

"ಗಾಳ್ಯಾಗ ಅದು ಖರೆ ಅವ್ವಾ. ಆದ್ರ ಈ ಅಲೆ ಗಾಳ್ಯಾಗಿಲ್ಲ" ಅಂದೆ.

ಅವಳ ಲೆಕ್ಕ ಇದು. ಒಂದು ಡೈಎಲೆಕ್ಟ್ರಿಕ್ ಒಳಗೆ, ಅಂದರೆ ವಿದ್ಯುತ್ ಹರಿಯಲು ಬಿಡದ ವಸ್ತುವಿನೊಳಗೆ, ಅಲೆಯೊಂದು ಸಾಗುತ್ತಿದೆ. ಅದರ ವಿದ್ಯುತ್ ಕ್ಷೇತ್ರ ಹೀಗಿದೆ:

```
E_y = 60 sin(2π×10⁹ t − 10π x)   V/m
```

ಅಲೆಯ ವೇಗ, ವಸ್ತುವಿನ ವಕ್ರೀಭವನ ಸೂಚ್ಯಂಕ, ಕಾಂತಕ್ಷೇತ್ರ, ಈ ಮೂರೂ ಬೇಕು.

ನನ್ನ ಮೇಜಿನ ಖಾನೆಯಲ್ಲಿ ಹಳೆಯ ಕೇಬಲ್ ತುಂಡೊಂದು ಇರುತ್ತದೆ. ತೆಗೆದು ಅವಳ ಕೈಗೆ ಕೊಟ್ಟೆ. ಹೊರಗೆ ಕರಿ ಹೊದಿಕೆ, ಅದರೊಳಗೆ ತಂತಿಯ ಜಾಲರಿ, ನಟ್ಟನಡುವೆ ತಾಮ್ರದ ಎಳೆ. ಜಾಲರಿಗೂ ತಾಮ್ರಕ್ಕೂ ಮಧ್ಯೆ ಮೇಣದ ಹಾಗೆ ಬೆಳ್ಳಗೆ ಕಾಣುವುದು ಪಾಲಿಥೀನ್. ಸಿಗ್ನಲ್ ಓಡುವುದು ತಾಮ್ರದೊಳಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಅಲೆ ನಿಜವಾಗಿ ಸಾಗುವುದು ಈ ಬಿಳಿ ಪ್ಲಾಸ್ಟಿಕ್ಕಿನೊಳಗೆ. ಅವಳ ಲೆಕ್ಕದ ಅಂಕಿಗಳೂ ಇದಕ್ಕೇ ಹೊಂದುತ್ತವೆ. ಆದ್ದರಿಂದ ಅವಳ ಅಲೆ ಪಾಲಿಥೀನಿನ ದೊಡ್ಡ ದಪ್ಪ ದಿಮ್ಮಿಯೊಳಗೆ ನೇರವಾಗಿ ಸಾಗುತ್ತಿದೆ ಅಂದುಕೊಳ್ಳೋಣ.

ಮೊದಲು ವೇಗ

ಕಂಸದೊಳಗೆ `t` ಜೊತೆಗಿರುವ ಸಂಖ್ಯೆ ω, `x` ಜೊತೆಗಿರುವುದು k. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ವೇಗ.

```
v = ω/k = 2π×10⁹ / 10π = 2×10⁸ m/s
```

ಅವಸರದಲ್ಲಿ ಇದನ್ನು ತಿರುಗಮುರುಗ ಮಾಡಿದರೆ 5×10⁻⁹ ಬರುತ್ತದೆ. ಅಷ್ಟು ನಿಧಾನದ ಅಲೆ ಇರಲು ಸಾಧ್ಯವಿಲ್ಲ, ಹಾಗಾಗಿ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. `t` ಮತ್ತು `x` ನಡುವೆ ಮೈನಸ್ ಇರುವುದರಿಂದ ಅಲೆ x ಅಕ್ಷದ ಮುಂದಿನ ದಿಕ್ಕಿಗೆ ಹೋಗುತ್ತಿದೆ. ಇದನ್ನೂ ಬರೆದಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಆಮೇಲೆ ವಕ್ರೀಭವನ ಸೂಚ್ಯಂಕ

```
n = c/v = 3×10⁸ / 2×10⁸ = 1.5
```

ಪಾರದರ್ಶಕ ಡೈಎಲೆಕ್ಟ್ರಿಕ್‌ಗಳ ಇಂಥ ಲೆಕ್ಕದಲ್ಲಿ n ಒಂದಕ್ಕಿಂತ ಕಡಿಮೆ ಬಂದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿದೆ ಅಂತಲೇ ತಿಳಿಯಿರಿ.

ಇಲ್ಲಿ ಸ್ಕೇಲ್ ಹಿಡಿದು ನೋಡುವಂಥದ್ದು ಒಂದಿದೆ. ಈ ಅಲೆಯ ಆವರ್ತನ 1 ಗಿಗಾಹರ್ಟ್ಸ್. ಮಾಳಿಗೆಯ ಡಿಶ್‌ನಿಂದ ಮನೆಯೊಳಗೆ ಇಳಿಯುವ ಕೇಬಲ್‌ನಲ್ಲಿ ಹೆಚ್ಚುಕಮ್ಮಿ ಇಂಥ ಆವರ್ತನಗಳೇ ಇರುತ್ತವೆ. ಗಾಳಿಯಲ್ಲಿ ಇದರ ತರಂಗದೂರ 30 ಸೆಂಟಿಮೀಟರ್, ಅಂದರೆ ಒಂದು ಫೂಟ್‌ಪಟ್ಟಿಯಷ್ಟು. ಪಾಲಿಥೀನ್ ಒಳಗೆ ಅದು 20 ಸೆಂಟಿಮೀಟರ್, ನಮ್ಮ ಗೇಣಿಗೆ ಹತ್ತಿರ. ಆವರ್ತನ ಮಾತ್ರ ಎರಡೂ ಕಡೆ ಒಂದೇ. ಗಾಳಿಯಲ್ಲಿ ಬಂದ ಅಲೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೋ, ಪ್ಲಾಸ್ಟಿಕ್ಕಿನೊಳಗಿನ ಎಲೆಕ್ಟ್ರಾನುಗಳನ್ನೂ ಅಷ್ಟೇ ಸಲ ತೂಗಿಸುತ್ತದೆ. ವೇಗ ಕುಗ್ಗಿದಷ್ಟೂ ಅಲೆಯ ಉದ್ದ ಕುಗ್ಗುತ್ತದೆ.

ಈಗ ಕಾಂತಕ್ಷೇತ್ರ

ಹುಡುಗಿ ಎಡವಿದ್ದು ಇಲ್ಲಿ. ಸೂತ್ರವನ್ನು ಬಾಯಿಪಾಠ ಮಾಡಿದರೆ ಮತ್ತೆ ಎಡವುತ್ತಾಳೆ. ಅದಕ್ಕೆ ಅದು ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಸಾವಕಾಶ ನೋಡೋಣ.

ಕಿಟಕಿಯ ಚೌಕಟ್ಟಿನಂತೆ ಒಂದು ತಂತಿ ಚೌಕಟ್ಟು ನಿಂತಿದೆ, ಅದರ ಎತ್ತರ h ಅಂದುಕೊಳ್ಳಿ. ಎಡಗಡೆಯಿಂದ ಅಲೆಯ ಮುಂಭಾಗ v ವೇಗದಲ್ಲಿ ಒಳಗೆ ಬರುತ್ತಿದೆ. ವಿದ್ಯುತ್ ಕ್ಷೇತ್ರ ಚೌಕಟ್ಟಿನ ನಿಂತ ತಂತಿಗಳ ಉದ್ದಕ್ಕೆ ಮೇಲ್ಮುಖವಾಗಿದೆ. ಕಾಂತಕ್ಷೇತ್ರ ಚೌಕಟ್ಟನ್ನು ತೂರಿಕೊಂಡು ನಮ್ಮ ಕಡೆಗೆ ಬರುತ್ತಿದೆ. ಎಡಗಡೆಯ ತಂತಿಯನ್ನು ಅಲೆ ಮುಟ್ಟಿದೆ, ಬಲಗಡೆಯದನ್ನು ಇನ್ನೂ ಮುಟ್ಟಿಲ್ಲ. ಹಾಗಾಗಿ ಚೌಕಟ್ಟನ್ನು ಒಂದು ಸುತ್ತು ಹಾಕಿದರೆ ಸಿಗುವ ವೋಲ್ಟೇಜ್ ಎಡ ತಂತಿಯದ್ದು ಮಾತ್ರ, ಅದು E×h. ಇತ್ತ ಚೌಕಟ್ಟಿನೊಳಗೆ ಕಾಂತಕ್ಷೇತ್ರ ತುಂಬಿದ ಜಾಗ ಪ್ರತಿ ಸೆಕೆಂಡಿಗೆ h×v ಚದರ ಮೀಟರಿನ ಲೆಕ್ಕದಲ್ಲಿ ಬೆಳೆಯುತ್ತಿದೆ. ಅಂದರೆ ಕಾಂತ ಫ್ಲಕ್ಸ್ ಬದಲಾಗುವ ದರ B×h×v. ಇವೆರಡೂ ಸಮ ಅನ್ನುವುದೇ ಫ್ಯಾರಡೆ ನಿಯಮ. h ಎರಡೂ ಕಡೆ ಹೊಡೆದುಹೋಗುತ್ತದೆ.

```
E = v B
```

ಸೈನ್ ಅಲೆಗೂ ಇದೇ ಬರುತ್ತದೆ. ಈ ವಾದದಲ್ಲಿ ಗಾಳಿ, ಗಾಜು, ಪ್ಲಾಸ್ಟಿಕ್ ಅನ್ನುವ ಮಾತೇ ಬರಲಿಲ್ಲ, ಗಮನಿಸಿದಿರಾ? ಫ್ಯಾರಡೆ ನಿಯಮಕ್ಕೆ ವಸ್ತು ಯಾವುದಾದರೂ ಒಂದೇ. ವಸ್ತುವಿನ ಪ್ರಭಾವ v ಒಳಗೆ ಮಾತ್ರ ಅಡಗಿದೆ. ಪುಸ್ತಕದಲ್ಲಿ ಕಾಣುವ `E = cB` ಅನ್ನುವುದು ನಿರ್ವಾತದ ಸಂದರ್ಭ ಅಷ್ಟೇ. ಗಾಳಿಗೂ ಅದು ಸಾಕಷ್ಟು ಸರಿ. ನಾನಂತೂ ಮಕ್ಕಳಿಗೆ ಮೊದಲು `E = vB` ಅನ್ನೇ ಕಲಿಸುತ್ತೇನೆ.

ಈಗ ಅಂಕಿ ಹಾಕಿ:

```
B = E/v = 60 / 2×10⁸ = 3×10⁻⁷ T
```

ಹುಡುಗಿಗೆ ಬಂದಿದ್ದು 2×10⁻⁷. ಅವಳು c ಇಂದ ಭಾಗಿಸಿದ್ದಳು. ಸರಿ ಉತ್ತರ ಅವಳದಕ್ಕಿಂತ ಸರಿಯಾಗಿ ಒಂದೂವರೆ ಪಟ್ಟು, ಅಂದರೆ n ಪಟ್ಟು ದೊಡ್ಡದು. `B = nE/c` ಅಂತ ಬರೆದರೂ ಅದೇ ಮಾತು.

ಪ್ಲಾಸ್ಟಿಕ್ಕಿನೊಳಗೆ ಅಷ್ಟೇ ವಿದ್ಯುತ್ ಕ್ಷೇತ್ರಕ್ಕೆ ಕಾಂತಕ್ಷೇತ್ರ ಯಾಕೆ ಜಾಸ್ತಿ? ಅಲೆ ಹಾದುಹೋಗುವಾಗ ಅಣುಗಳ ಚಾರ್ಜುಗಳು ಕೂದಲೆಳೆಗಿಂತ ಎಷ್ಟೋ ಕಡಿಮೆ ದೂರ ಅತ್ತಿತ್ತ ಸರಿದಾಡುತ್ತವೆ. ಚಾರ್ಜ್ ಸರಿದಾಡಿದರೆ ಅದೂ ಒಂದು ಕರೆಂಟೇ ಅಲ್ವಾ? ಆ ಕರೆಂಟು ತನ್ನ ಪಾಲಿನ ಕಾಂತಕ್ಷೇತ್ರವನ್ನು ಸೇರಿಸುತ್ತದೆ.

ಇನ್ನು ದಿಕ್ಕು. ಬಲಗೈ ಬೆರಳುಗಳನ್ನು E ಕಡೆಗೆ, ಅಂದರೆ y ಕಡೆಗೆ ಚಾಚಿ, B ಕಡೆಗೆ ಮಡಚಿ. ಹೆಬ್ಬೆರಳು ಅಲೆ ಹೋಗುವ ದಿಕ್ಕನ್ನು ತೋರಿಸಬೇಕು. ನಮ್ಮ ಅಲೆ x ಕಡೆಗೆ ಹೋಗುತ್ತಿದೆ, ಆದ್ದರಿಂದ B ಇರುವುದು z ಕಡೆಗೆ.

```
B_z = 3×10⁻⁷ sin(2π×10⁹ t − 10π x)   T
```

ಸೈನ್ ಒಳಗಿನದು E ಯಲ್ಲಿದ್ದ ಹಾಗೇ ಇರಬೇಕು. ಎರಡು ಕ್ಷೇತ್ರಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಇಲ್ಲಿ ಸೈನ್ ಬದಲು ಕೊಸೈನ್ ಬರೆದು ಅಂಕ ಕಳೆದುಕೊಂಡವರನ್ನು ನೋಡಿದ್ದೇನೆ.

ಉತ್ತರ ಸರಿಯೋ ಅಂತ ತಿಳಿಯುವುದು ಹೇಗೆ

ಅಲೆಯಲ್ಲಿ ವಿದ್ಯುತ್ ಪಾಲಿನ ಶಕ್ತಿ ಮತ್ತು ಕಾಂತ ಪಾಲಿನ ಶಕ್ತಿ ಸಮ ಇರುತ್ತವೆ. ಇಂಥ ಡೈಎಲೆಕ್ಟ್ರಿಕ್ ಒಳಗೂ ಅಷ್ಟೇ. ಪಾಲಿಥೀನ್ ಕಾಂತೀಯ ವಸ್ತುವಲ್ಲ, ಹಾಗಾಗಿ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ n ನ ವರ್ಗ, ಅಂದರೆ 2.25. ಕ್ಷೇತ್ರಗಳು ತುದಿಯಲ್ಲಿದ್ದಾಗ ಒಂದು ಘನ ಮೀಟರಿನಲ್ಲಿ ಎಷ್ಟು ಶಕ್ತಿ ಅಂತ ನೋಡಿ:

```
½ × 2.25 × 8.85×10⁻¹² × 60²        ≈ 3.58×10⁻⁸ J/m³
(3×10⁻⁷)² / (2 × 4π×10⁻⁷)          ≈ 3.58×10⁻⁸ J/m³
```

ಎರಡೂ ಕೂಡಿದವು. ಹುಡುಗಿಯ 2×10⁻⁷ ಹಾಕಿದರೆ ಎರಡನೆಯದು 1.59×10⁻⁸ ಆಗುತ್ತದೆ, 2.25 ಪಟ್ಟು ಕಡಿಮೆ. ಪಕ್ಕದ ಹಾಳೆಯಲ್ಲಿ ಇಷ್ಟು ಗೀಚಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು.

ಗಾಳಿಯಿಂದ ಒಳಗೆ ಬರುವಾಗ

ಅವಳ ಮುಂದಿನ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಹಂಗಾದ್ರ ಸರ್, ಹೊರಗೂ 60 ಇತ್ತೇನ್ರಿ?"

ಇರಲಿಲ್ಲ. ಗಾಳಿಯಿಂದ ಅಲೆ ದಿಮ್ಮಿಯ ಮೈಗೆ ನೇರವಾಗಿ ಬಡಿದಾಗ ಸ್ವಲ್ಪ ಭಾಗ ಹಿಂದಕ್ಕೆ ಪುಟಿಯುತ್ತದೆ. ಒಳಗೆ ಹೊಗುವ ವಿದ್ಯುತ್ ಕ್ಷೇತ್ರ, ಬಂದದ್ದರ 2/(n+1) ಪಟ್ಟು. n 1.5 ಇದ್ದಾಗ ಅದು 0.8. ಒಳಗೆ 60 ಸಿಗಬೇಕಾದರೆ ಹೊರಗಿನಿಂದ 75 ಬರಬೇಕು, ಉಳಿದ 15 ತಲೆಕೆಳಗಾಗಿ ಹಿಂದಕ್ಕೆ ಹೋಗುತ್ತದೆ. 75 ರಲ್ಲಿ 15 ಕಳೆದರೆ 60. ಗಡಿಯ ಆಚೆಗೂ ಈಚೆಗೂ ಕ್ಷೇತ್ರ ಒಂದೇ ಆಯಿತು.

ಕಾಂತಕ್ಷೇತ್ರದ್ದು ಬೇರೆ ಕಥೆ. ಬಂದದ್ದು 75/c, ಅಂದರೆ 2.5×10⁻⁷. ಪುಟಿದದ್ದು 15/c, ಅಂದರೆ 0.5×10⁻⁷. ಹಿಂದಕ್ಕೆ ಹೋಗುವ ಅಲೆಯಲ್ಲಿ E ತಲೆಕೆಳಗಾಗಿದೆ, ದಿಕ್ಕೂ ತಿರುಗಿದೆ. ಎರಡೂ ತಿರುಗಿದ್ದರಿಂದ B ಮೊದಲಿನ ಕಡೆಗೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ಕೂಡಿಸಬೇಕು. ಕೂಡಿಸಿದರೆ 3×10⁻⁷, ನಾವು ಮೇಲೆ ಕಂಡುಹಿಡಿದದ್ದೇ ಅದು. ಒಳಗೆ ಹೋಗುತ್ತ ವಿದ್ಯುತ್ ಕ್ಷೇತ್ರ ಇಳಿಯಿತು, ಕಾಂತಕ್ಷೇತ್ರ ಏರಿತು. ಶಕ್ತಿಯಲ್ಲಿ ಪುಟಿದದ್ದು 15/75 ರ ವರ್ಗ, ನೂರಕ್ಕೆ 4. ಕಿಟಕಿ ಗಾಜಿನ n ಕೂಡ ಸುಮಾರು 1.5. ಅದರ ಒಂದೊಂದು ಮೈಯಿಂದ ಹಿಂದಕ್ಕೆ ಬರುವ ಬೆಳಕೂ ಇಷ್ಟೇ.

ಎಲ್ಲಿ ಮೋಸ ಹೋಗುತ್ತೇವೆ

ಡೈಎಲೆಕ್ಟ್ರಿಕ್ ಸ್ಥಿರಾಂಕದ ವರ್ಗಮೂಲ ತೆಗೆದರೆ n ಅಂತ ಪುಸ್ತಕ ಹೇಳುತ್ತದೆ. ನೀರಿನ ಸ್ಥಿರಾಂಕ ಸುಮಾರು 80. ವರ್ಗಮೂಲ ಸುಮಾರು 8.9. ಆದರೆ ನೀರಿನಲ್ಲಿ ಬೆಳಕಿನ n ಬರೀ 1.33. ಸೂತ್ರದಲ್ಲಿ ತಪ್ಪಿಲ್ಲ. ನೀರಿನ ಅಣುವಿನ ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್. ನಿಧಾನದ ಕ್ಷೇತ್ರಕ್ಕೆ ಅದು ಇಡಿಯಾಗಿ ತಿರುಗುತ್ತದೆ, ಅದಕ್ಕೇ 80. ಬೆಳಕು ಸೆಕೆಂಡಿಗೆ 5×10¹⁴ ಸಲ ತೂಗುತ್ತದೆ. ಅಷ್ಟು ಬೇಗ ಅಣು ತಿರುಗಲಾರದು, ಹಗುರ ಎಲೆಕ್ಟ್ರಾನುಗಳು ಮಾತ್ರ ಅಲುಗುತ್ತವೆ. ಆದ್ದರಿಂದ ಯಾವ ಆವರ್ತನದ ಅಲೆಯೋ ಅದೇ ಆವರ್ತನದ ಸ್ಥಿರಾಂಕ ತೆಗೆದುಕೊಳ್ಳಬೇಕು. ಪಾಲಿಥೀನ್ ಅಣುವಿಗೆ ಹೀಗೆ ತಿರುಗುವ ಗುಣವಿಲ್ಲ, ಅದಕ್ಕೇ ರೇಡಿಯೋ ಅಲೆಗೂ ಬೆಳಕಿಗೂ ಅದರ n ಸುಮಾರು 1.5. ಉಪ್ಪುನೀರಿನಂತೆ ಕರೆಂಟು ಹರಿಯುವ ವಸ್ತುವಾದರೆ E ಮತ್ತು B ಒಟ್ಟಿಗೆ ಏರಿಳಿಯುವುದೂ ಇಲ್ಲ. ಅಲ್ಲಿ ಮೇಲಿನ ಸರಳ ಲೆಕ್ಕ ನಡೆಯುವುದಿಲ್ಲ.

ಹುಡುಗಿ ಹೊರಡುವಾಗ ಇನ್ನೊಂದು ಕೇಬಲ್ ತುಂಡು ಕೊಟ್ಟೆ, ಈಗಿನ ಡಿಶ್‌ಗಳಿಗೆ ಹಾಕುವಂಥದ್ದು. ಇದರ ಬಿಳಿ ಭಾಗವನ್ನು ಉಗುರಿನಿಂದ ಒತ್ತಿದರೆ ಕುಳಿ ಬೀಳುತ್ತದೆ, ಒಳಗೆ ಸಣ್ಣ ಸಣ್ಣ ಗುಳ್ಳೆಗಳಿವೆ. ಗುಳ್ಳೆ ಇದ್ದಷ್ಟೂ ಪ್ಲಾಸ್ಟಿಕ್ ಕಡಿಮೆ, ಅಲೆಯ ವೇಗ ಜಾಸ್ತಿ, ಸುಮಾರು 0.82c. ಮರುದಿನ ಲೆಕ್ಕ ಮಾಡಿ ತಂದಳು: n 1.22, ಸ್ಥಿರಾಂಕ 1.49, 60 ವೋಲ್ಟ್ ಪ್ರತಿ ಮೀಟರಿಗೆ ಕಾಂತಕ್ಷೇತ್ರ 2.44×10⁻⁷ ಟೆಸ್ಲಾ. ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಇತ್ತು: ಮಳೆಗಾಲದಾಗ ಜಾಯಿಂಟಿನೊಳಗ ನೀರು ಇಳಿದ್ರ ಟಿವಿ ನಿಲ್ಲೂದು ಇದಕ್ಕೇನ್ರಿ? ಹೌದು ಅಂತ ಬರೆದೆ. ನೀರು ಇಳಿದ ಕಡೆ ಸ್ಥಿರಾಂಕ ಒಮ್ಮೆಲೇ ಏರುತ್ತದೆ. ಅಲೆಗೆ ಅಲ್ಲೊಂದು ಗಡಿ ಹುಟ್ಟುತ್ತದೆ, ಒಂದು ಪಾಲು ಪುಟಿದು ಡಿಶ್ ಕಡೆಗೇ ವಾಪಸ್ ಹೋಗುತ್ತದೆ. ಮತ್ತೊಂದು ಪಾಲನ್ನು ನೀರು ಹೀರಿ ಬಿಸಿಯಾಗಿಸಿಬಿಡುತ್ತದೆ. ನೆನೆದ ಅಷ್ಟು ತುಂಡನ್ನು ಕತ್ತರಿಸಿ ಹೊಸ ಜಾಯಿಂಟ್ ಹಾಕಿದರೆ ಚಿತ್ರ ಮತ್ತೆ ಬರುತ್ತದೆ.