ಬೆರಳು ಆಳವಾಗಿ ಕೊಯ್ದುಕೊಂಡರೆ: ಮೊದಲ ಕಾಲು ಗಂಟೆ, ಹೊಲಿಗೆ, ಟಿ.ಟಿ.

ತುಮಕೂರಿಗೆ ಹೊಸದಾಗಿ ಬಂದ ಮನೆಗಳಿಗೆ ತೆಂಗಿನಕಾಯಿ ಬೇಗ ರೂಢಿಯಾಗುತ್ತದೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಬೇರೆ ಜಿಲ್ಲೆಗಳಿಂದ ಬಂದು ಇಲ್ಲಿ ಮನೆ ಮಾಡಿದವರಿಗಂತೂ ಅಕ್ಕಪಕ್ಕದವರೇ ಕಾಯಿ ತಂದುಕೊಡುತ್ತಾರೆ. ಕಾಯಿ ಹೋಳನ್ನು ಎಡಗೈಲಿ ಹಿಡಿದು, ಚಿಪ್ಪಿನಿಂದ ಕೊಬ್ಬರಿ ಎಬ್ಬಿಸಲು ಚಾಕು ತೂರಿಸಿದಾಗ ಅದು ಜಾರಿ ತೋರುಬೆರಳಿಗೆ ಇಳಿಯುತ್ತದೆ. ಈ ಬರಹದಲ್ಲಿ ಅದೊಂದೇ ಗಾಯವನ್ನು ಇಟ್ಟುಕೊಂಡು ಹೇಳುತ್ತೇವೆ. ಈಳಿಗೆ ಮಣೆಯಲ್ಲಿ ಕೊಯ್ದುಕೊಂಡರೂ ಮಾಡಬೇಕಾದ್ದು ಇದೇ.

ರಕ್ತ ಹರಿಯುತ್ತಿದ್ದರೆ ಮೊದಲು ಕೂತುಕೊಳ್ಳಿ, ನಿಂತೇ ಇದ್ದರೆ ಕೆಲವರಿಗೆ ತಲೆ ಸುತ್ತಿ ಬೀಳುವುದುಂಟು. ಉಂಗುರ ಇದ್ದರೆ ತಕ್ಷಣ ತೆಗೆಯಿರಿ, ಆಮೇಲೆ ಬೆರಳು ಊದಿಕೊಂಡರೆ ಬರುವುದಿಲ್ಲ. ಒಗೆದು ಮಡಚಿಟ್ಟ ಹತ್ತಿ ಬಟ್ಟೆಯನ್ನೋ ಗಾಜ್ ತುಂಡನ್ನೋ ಗಾಯದ ಮೇಲೆ ನೇರವಾಗಿ ಇಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕೈಯನ್ನು ಎದೆಗಿಂತ ಮೇಲೆ ಎತ್ತಿಕೊಳ್ಳಿ. ಗಡಿಯಾರ ನೋಡಿಕೊಂಡು ಪೂರ್ತಿ 15 ನಿಮಿಷ ಹಾಗೇ ಇರಿ.

ಎಲ್ಲರೂ ಎಡವುವುದು ಇಲ್ಲೇ. ನಿಂತಿತಾ ಅಂತ ಎರಡು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುತ್ತಾರೆ. ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಬಟ್ಟೆಗೆ ಅಂಟಿ ಕಿತ್ತು ಬರುತ್ತದೆ, ಮತ್ತೆ ಮೊದಲಿಂದ ಶುರು. ಹೀಗೆ ಅರ್ಧ ಗಂಟೆ ಕಳೆದರೂ ನಿಲ್ಲಲಿಲ್ಲ ಅಂತ ಗಾಬರಿಯಾಗುವವರಲ್ಲಿ ಹೆಚ್ಚಿನವರು ಒಂದು ಸಲವೂ ಬಿಡದೆ ಒತ್ತಿರುವುದಿಲ್ಲ. ಬಟ್ಟೆ ನೆನೆದು ಮೇಲೆ ಬಂದರೆ ಅದನ್ನು ತೆಗೆಯಬೇಡಿ, ಅದರ ಮೇಲೆ ಇನ್ನೊಂದು ಇಟ್ಟು ಇನ್ನೂ ಗಟ್ಟಿಯಾಗಿ, ಸರಿಯಾಗಿ ಗಾಯದ ಮೇಲೇ ಒತ್ತಿ. ದಪ್ಪ ಬಟ್ಟೆ ಸುತ್ತಿ ಸುಮ್ನೆ ಮುಷ್ಟಿ ಹಿಡಿದರೆ ಒತ್ತಡ ಗಾಯಕ್ಕೆ ತಲುಪುವುದೇ ಇಲ್ಲ.

ಬೆರಳಿನ ಬುಡಕ್ಕೆ ರಬ್ಬರ್ ಬ್ಯಾಂಡ್ ಅಥವಾ ದಾರ ಬಿಗಿಯಾಗಿ ಕಟ್ಟಬೇಡಿ. ಆಸ್ಪತ್ರೆ ತಲುಪುವ ಗಡಿಬಿಡಿಯಲ್ಲಿ ಅದು ಮರೆತುಹೋದರೆ ಬೆರಳಿಗೆ ರಕ್ತವೇ ಹೋಗದೆ ಬೆರಳೇ ಹಾಳಾಗಬಹುದು. ಕಾಫಿ ಪುಡಿ, ಅರಿಶಿನ, ಸುಣ್ಣ ಕೂಡ ಬೇಡ. ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಆ ಪುಡಿ ಗಾಯದ ಒಳಗೆ ಕೂತರೆ ಎಷ್ಟು ಆಳ ಇದೆ ಅಂತ ಡಾಕ್ಟರಿಗೆ ಕಾಣುವುದಿಲ್ಲ, ಹೊಲಿಯುವ ಮುಂಚೆ ಅದನ್ನೆಲ್ಲ ಉಜ್ಜಿ ತೊಳೆಯಬೇಕಾಗುತ್ತದೆ, ನೋವು ನಿಮಗೇ ಜಾಸ್ತಿ.

15 ನಿಮಿಷ ಆದಮೇಲೆ ನಿಧಾನವಾಗಿ ಬಿಡಿ. ನಿಂತಿದ್ದರೆ ನಲ್ಲಿ ನೀರನ್ನು ಸಣ್ಣಗೆ ಬಿಟ್ಟು ಐದು ನಿಮಿಷ ಗಾಯ ತೊಳೆಯಿರಿ, ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ. ಡೆಟ್ಟಾಲ್, ಸ್ಪಿರಿಟ್ ಗಾಯದ ಒಳಗೆ ಸುರಿಯಬೇಡಿ, ಒಳಗಿನ ಮಾಂಸ ಸುಡುತ್ತದೆ. ನಿಲ್ಲದೇ ಇದ್ದರೆ ತೊಳೆಯುತ್ತಾ ಕೂರಬೇಡಿ, ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ. ರಕ್ತ ಚಿಮ್ಮುತ್ತಿದ್ದರೆ ಅಥವಾ ಬೆರಳಿನ ತುದಿಯೇ ತುಂಡಾಗಿದ್ದರೆ 15 ನಿಮಿಷ ಕಾಯುವುದೂ ಬೇಡ, ಒತ್ತಿ ಹಿಡಿದುಕೊಂಡೇ 108ಕ್ಕೆ ಫೋನ್ ಮಾಡಿಸಿ. ರಕ್ತ ತೆಳು ಮಾಡುವ ಮಾತ್ರೆ, ಅಂದರೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತಗೊಳ್ಳುವವರಿಗೆ ನಿಲ್ಲುವುದು ತಡ, ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಇನ್ನು ಹೊಲಿಗೆ ಬೇಕಾ ಬೇಡವಾ. ತೊಳೆದ ಮೇಲೆ ಬೆಳಕಿನಲ್ಲಿ ನೋಡಿ. ಗಾಯದ ಎರಡೂ ಅಂಚು ತಾವಾಗೇ ಸೇರಿಕೊಂಡಿದ್ದರೆ, ಬೆರಳು ಅಲ್ಲಾಡಿಸಿದರೂ ಬಿಡದಿದ್ದರೆ, ಸಾಮಾನ್ಯವಾಗಿ ಪಟ್ಟಿ ಸಾಕು. ಅಂಚು ಬಾಯಿ ಬಿಟ್ಟುಕೊಂಡಿದ್ದರೆ, ಒಳಗೆ ಹಳದಿ ಕೊಬ್ಬು ಅಥವಾ ಬಿಳಿಯದೇನೋ ಕಂಡರೆ, ಗಾಯ ಗೆಣ್ಣಿನ ಮೇಲೆ ಇದ್ದರೆ, ಉಗುರಿನ ಬುಡ ಹರಿದಿದ್ದರೆ, ಒಳಗೆ ಚಿಪ್ಪಿನ ಚೂರೋ ಗಾಜೋ ಉಳಿದಿರಬಹುದು ಅನ್ನಿಸಿದರೆ ಡಾಕ್ಟರ್ ನೋಡಲೇಬೇಕು. ಚೂರನ್ನು ನೀವೇ ಕೆದಕಿ ತೆಗೆಯಲು ಹೋಗಬೇಡಿ.

ಹೊಲಿಗೆಗಿಂತ ಮುಖ್ಯವಾದ ಎರಡು ಪರೀಕ್ಷೆ ಇವೆ, ಮನೆಯಲ್ಲೇ ಮಾಡಬಹುದು. ಕೊಯ್ದ ಬೆರಳಿನ ತುದಿಯನ್ನು ಎಡಬದಿ ಒಮ್ಮೆ, ಬಲಬದಿ ಒಮ್ಮೆ ಹತ್ತಿಯಿಂದ ಮುಟ್ಟಿ, ಇನ್ನೊಂದು ಕೈಯ ಅದೇ ಬೆರಳಿನ ಜೊತೆ ಹೋಲಿಸಿ. ಬೆರಳಿನ ಎರಡೂ ಪಕ್ಕದಲ್ಲಿ ಒಂದೊಂದು ನರ ಹೋಗುತ್ತದೆ, ಒಂದು ಬದಿ ಮಾತ್ರ ಜೋಮು ಹಿಡಿದಂತಿದ್ದರೆ ಆ ಬದಿಯ ನರ ಕತ್ತರಿಸಿರಬಹುದು. ಎರಡನೆಯದು, ಬೆರಳಿನ ನಡುಭಾಗವನ್ನು ಅಲ್ಲಾಡದಂತೆ ಹಿಡಿದು ತುದಿಯ ಗೆಣ್ಣು ಮಾತ್ರ ಬಗ್ಗಿಸಿ, ಆಮೇಲೆ ನೆಟ್ಟಗೆ ಮಾಡಿ. ಆಗದಿದ್ದರೆ ಬೆರಳನ್ನು ಎಳೆಯುವ ಸ್ನಾಯುರಜ್ಜು ತುಂಡಾಗಿರಬಹುದು. ಬಗ್ಗುತ್ತದೆ ಅಂದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಅಲ್ಲ, ಅರ್ಧ ಕತ್ತರಿಸಿದ್ದರೂ ಬಗ್ಗುತ್ತದೆ. ಜೋಮು ಇಂಜೆಕ್ಷನ್ ಕೊಟ್ಟಮೇಲೆ ಸ್ಪರ್ಶ ಪರೀಕ್ಷೆ ಮಾಡಲು ಆಗುವುದಿಲ್ಲ, ಹಾಗಾಗಿ ಮನೆಯಲ್ಲಿ ಏನು ಗಮನಿಸಿದಿರಿ ಅಂತ ಮೊದಲೇ ಹೇಳಿ. ಮೇಲಿನ ಚರ್ಮ ಮಾತ್ರ ಚೆನ್ನಾಗಿ ಹೊಲಿದು ಒಳಗಿನದು ಹಾಗೇ ಉಳಿದರೆ ಬೆರಳು ಮುಂದೆ ಸರಿಯಾಗಿ ಮಡಚುವುದಿಲ್ಲ.

ಆರೆಂಟು ಗಂಟೆಯೊಳಗೆ ಹೋಗುವುದು ಒಳ್ಳೆಯದು. ರಾತ್ರಿ ಆಯಿತು ಅಂತ ಬೆಳಿಗ್ಗೆಗೆ ಮುಂದೂಡಬೇಡಿ, ಜಿಲ್ಲಾಸ್ಪತ್ರೆಯ ತುರ್ತು ವಿಭಾಗ ರಾತ್ರಿಯೂ ಇರುತ್ತದೆ. ತಡವಾಗಿದ್ದರೂ ಹೋಗಿ, ಚೊಕ್ಕ ಗಾಯವನ್ನು ಆಮೇಲೂ ಹೊಲಿಯುವುದುಂಟು.

ಟಿ.ಟಿ. ವಿಷಯಕ್ಕೆ ಬರೋಣ. ಈಗ ಆರೋಗ್ಯ ಕೇಂದ್ರಗಳಲ್ಲಿ ಟಿ.ಟಿ. ಬದಲು ಕೊಡುವುದು ಟಿಡಿ, ಅದರಲ್ಲಿ ಡಿಫ್ತೀರಿಯಾ ರಕ್ಷಣೆಯೂ ಸೇರಿದೆ. ತುಕ್ಕಿನ ಕಬ್ಬಿಣದಿಂದ ಮಾತ್ರ ಧನುರ್ವಾಯು ಬರುತ್ತದೆ ಅನ್ನುವುದು ತಪ್ಪು. ಆ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಹಾಗಂತ ಕೊಯ್ದುಕೊಂಡಾಗಲೆಲ್ಲ ಚುಚ್ಚಿಸಿಕೊಳ್ಳುವುದೂ ಬೇಕಿಲ್ಲ.

ಒಂದು ಮನೆಯ ಲೆಕ್ಕ ಹಾಕೋಣ. ಹೆಂಡತಿಗೆ ಚಿಕ್ಕಂದಿನ ಲಸಿಕೆಗಳೆಲ್ಲ ಆಗಿವೆ, ಕೊನೆಯ ಬಾರಿ ಹಾಕಿದ್ದು 7 ವರ್ಷದ ಹಿಂದೆ, ಬಸುರಿಯಾಗಿದ್ದಾಗ. ಅಡುಗೆಮನೆಯ ಚೊಕ್ಕ ಚಾಕುವಿನಿಂದ ಸಣ್ಣ ಗಾಯವಾದರೆ ಅವರಿಗೆ ಈಗ ಬೇಡ, ಯಾಕೆಂದರೆ ಅಂಥ ಗಾಯಕ್ಕೆ 10 ವರ್ಷದ ಮಿತಿ. ಅದೇ ಅವರು ಹಿತ್ತಲಿನಲ್ಲಿ ಮಣ್ಣು ಮೆತ್ತಿದ ಮಚ್ಚಿನಿಂದ ಕಾಯಿ ಸುಲಿಯುವಾಗ ಕೊಯ್ದುಕೊಂಡಿದ್ದರೆ ಬೇಕು. ಮಣ್ಣು ಸೇರಿದ ಅಥವಾ ಆಳವಾದ ಗಾಯಕ್ಕೆ ಮಿತಿ 5 ವರ್ಷ. ಗಂಡನಿಗೆ ಚಿಕ್ಕಂದಿನಲ್ಲಿ ಲಸಿಕೆ ಹಾಕಿಸಿದ್ದರಾ ಇಲ್ಲವಾ ಗೊತ್ತೇ ಇಲ್ಲ. ಅವರಿಗೆ ಏನೂ ಆಗಿಲ್ಲ ಅಂತಲೇ ಲೆಕ್ಕ. ಮೊದಲ ಡೋಸ್ ಇವತ್ತು, ಎರಡನೆಯದು 4 ವಾರ ಬಿಟ್ಟು, ಮೂರನೆಯದು 6ರಿಂದ 12 ತಿಂಗಳ ನಂತರ. ಗಾಯಕ್ಕೆ ಮಣ್ಣು ಸೇರಿದ್ದರೆ ಅದೇ ದಿನ ಟೆಟನಸ್ ಇಮ್ಯುನೋಗ್ಲಾಬ್ಯುಲಿನ್ ಅನ್ನುವ ಬೇರೆ ಇಂಜೆಕ್ಷನ್ ಕೂಡ ಬೇಕಾಗುತ್ತದೆ, ಏಕೆಂದರೆ ಮೊದಲ ಸಲ ಹಾಕಿದ ಲಸಿಕೆ ಕೂಡಲೇ ಕಾಪಾಡುವುದಿಲ್ಲ.

ಹೊಲಿಗೆಯನ್ನು ಮೊದಲ ಎರಡು ದಿನ ಒದ್ದೆ ಮಾಡಬೇಡಿ, ಪಾತ್ರೆ ತೊಳೆಯುವುದನ್ನು ಮನೆಯ ಬೇರೆಯವರು ನೋಡಿಕೊಳ್ಳಲಿ. ಬೆರಳಿನ ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 7ರಿಂದ 10 ದಿನಕ್ಕೆ, ಗೆಣ್ಣಿನ ಮೇಲಿದ್ದರೆ ಇನ್ನೂ ಸ್ವಲ್ಪ ತಡ. ಎರಡನೇ ದಿನದ ನಂತರ ನೋವು ಇಳಿಯುವ ಬದಲು ಏರುತ್ತಿದ್ದರೆ, ಕೀವು, ಜ್ವರ ಬಂದರೆ, ಕೆಂಪು ಗೆರೆ ಕೈ ಮೇಲೆ ಹತ್ತುತ್ತಿದ್ದರೆ, ಊದಿದ ಬೆರಳನ್ನು ನೆಟ್ಟಗೆ ಮಾಡಲು ತಡೆಯಲಾಗದ ನೋವಾದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಬೇಗ ತೋರಿಸಬೇಕು.

ಆಸ್ಪತ್ರೆಯಿಂದ ಹೊರಡುವ ಮುಂಚೆ ಯಾವ ಇಂಜೆಕ್ಷನ್ ಕೊಟ್ಟರು, ಮುಂದಿನದು ಯಾವ ತಾರೀಖಿಗೆ ಅಂತ ಚೀಟಿಯಲ್ಲಿ ಬರೆಸಿಕೊಂಡು, ಅದರ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಡೋಸನ್ನು ನಿಮ್ಮ ಮನೆಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲೂ ಕೇಳಬಹುದು, ಯಾವ ಬೀದಿಯಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ.