ಜರ್ಮನ್ ‘ಎ1’ ಪರೀಕ್ಷೆ: ಹೆಸರು ಹೇಳುವುದು, ಅರ್ಜಿ ತುಂಬುವುದು ಹೇಗೆ?

ಜರ್ಮನಿಯಲ್ಲಿರುವ ಪತಿ ಅಥವಾ ಪತ್ನಿಯನ್ನು ಸೇರಲು ಹೊರಟವರು ವೀಸಾಕ್ಕೆ ಮೊದಲು ಸಾಮಾನ್ಯವಾಗಿ ‘ಎ1’ ಮಟ್ಟದ ಜರ್ಮನ್ ಬಲ್ಲೆವೆಂದು ತೋರಿಸಬೇಕೆಂಬ ನಿಯಮ 2007ರಿಂದ ಜಾರಿಯಲ್ಲಿದೆ. ಇದಕ್ಕಾಗಿ ಹೆಚ್ಚಿನವರು ಬರೆಯುವುದು ಗೋಥೆ ಸಂಸ್ಥೆಯ ‘ಷ್ಟಾರ್ಟ್ ಡೊಯ್ಚ್ 1’ ಪರೀಕ್ಷೆಯನ್ನು. ಬೆಂಗಳೂರಿನಲ್ಲಿ ಈ ಸಂಸ್ಥೆಗೆ ಮ್ಯಾಕ್ಸ್ ಮ್ಯೂಲರ್ ಭವನ ಎಂದು ಹೆಸರು. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ವಿಭಾಗಗಳಿಗೆ ಒಟ್ಟು 100 ಅಂಕ. ತೇರ್ಗಡೆಗೆ 60 ಬೇಕು. ಮಾತಿನ ವಿಭಾಗ ಸ್ವಪರಿಚಯದಿಂದಲೂ ಬರವಣಿಗೆಯ ವಿಭಾಗ ಅರ್ಜಿ ತುಂಬುವುದರಿಂದಲೂ ಆರಂಭವಾಗುತ್ತವೆ. ಸುಲಭವೆಂದು ಎಲ್ಲರೂ ಕಡೆಗಣಿಸುವ ಈ ಎರಡು ಭಾಗಗಳಲ್ಲೇ ಕೈಗೆ ಬಂದ ಅಂಕ ಜಾರಿಹೋಗುವುದನ್ನು ಪಾಠ ಹೇಳುವಾಗ ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲು ಮಾತಿನ ಪರೀಕ್ಷೆ. ಹೆಚ್ಚೆಂದರೆ ನಾಲ್ವರು ಅಭ್ಯರ್ಥಿಗಳು ಒಟ್ಟಿಗೆ ಕೂರುತ್ತಾರೆ. ಪೂರ್ವಸಿದ್ಧತೆಗೆಂದು ಬೇರೆ ಸಮಯ ಕೊಡುವುದಿಲ್ಲ. ನಿಮ್ಮೆದುರಿನ ಹಾಳೆಯಲ್ಲಿ ಏಳು ಪದಗಳಿರುತ್ತವೆ: ನಾಮೆ, ಆಲ್ಟರ್, ಲಾಂಟ್, ವೋನ್‌ಓರ್ಟ್, ಷ್ಪ್ರಾಖೆನ್, ಬೆರೂಫ್, ಹಾಬಿ. ಅಂದರೆ ಹೆಸರು, ವಯಸ್ಸು, ದೇಶ, ವಾಸದ ಊರು, ಬಲ್ಲ ಭಾಷೆಗಳು, ಉದ್ಯೋಗ, ಹವ್ಯಾಸ. ಒಂದೊಂದು ಪದಕ್ಕೆ ಒಂದೊಂದು ಪೂರ್ಣ ವಾಕ್ಯ ಹೇಳಿದರೆ ಸಾಕು.

ಉದಾಹರಣೆಗೆ, ದಾವಣಗೆರೆಯಲ್ಲಿ ಶಿಕ್ಷಕಿಯಾಗಿರುವ, 28 ವರ್ಷದ ಜ್ಯೋತಿ ಹಿರೇಮಠ ಎಂಬವರು ಪರೀಕ್ಷೆಗೆ ಕುಳಿತಿದ್ದಾರೆ ಎಂದುಕೊಳ್ಳೋಣ. ಅವರು ಹೇಳಬೇಕಾದುದು ಇಷ್ಟು: “ಇಶ್ ಹೈಸೆ ಜ್ಯೋತಿ ಹಿರೇಮಠ. ಇಶ್ ಬಿನ್ ಆಖ್ಟ್‌-ಉಂಟ್‌-ತ್ಸ್ವಾಂತ್ಸಿಶ್ ಯಾರೆ ಆಲ್ಟ್. ಇಶ್ ಕೊಮ್ಮೆ ಔಸ್ ಇಂಡಿಯೆನ್. ಇಶ್ ವೋನೆ ಇನ್ ದಾವಣಗೆರೆ. ಇಶ್ ಷ್ಪ್ರೆಶೆ ಕನ್ನಡ, ಎಂಗ್ಲಿಷ್ ಉಂಟ್ ಐನ್ ಬಿಸ್‌ಶೆನ್ ಡೊಯ್ಚ್. ಇಶ್ ಬಿನ್ ಲೇರೆರಿನ್. ಇಶ್ ಕೊಖೆ ಗೆರ್ನ್.” ಕೊನೆಯ ಎರಡು ವಾಕ್ಯಗಳ ಅರ್ಥ ‘ನಾನು ಶಿಕ್ಷಕಿ’, ‘ನನಗೆ ಅಡುಗೆ ಮಾಡುವುದು ಇಷ್ಟ’ ಎಂದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಕನ್ನಡದಲ್ಲಿ ‘ದಾವಣಗೆರೆಯಲ್ಲಿ ಇದ್ದೇನೆ’ ಎಂದು ಕರ್ತೃವನ್ನು ಬಿಟ್ಟು, ಕ್ರಿಯಾಪದವನ್ನು ಕೊನೆಗಿಟ್ಟು ಮಾತನಾಡಿದರೂ ನಡೆಯುತ್ತದೆ; ಜರ್ಮನ್‌ನಲ್ಲಿ ಇಂಥ ಸರಳ ವಾಕ್ಯಕ್ಕೆ ‘ಇಶ್’ ಇರಲೇಬೇಕು, ಕ್ರಿಯಾಪದ ಎರಡನೆಯ ಸ್ಥಾನದಲ್ಲೇ ಬರಬೇಕು. ಎರಡನೆಯದಾಗಿ, ಉದ್ಯೋಗ ಹೇಳುವಾಗ ಇಂಗ್ಲಿಷ್‌ನ ‘ಎ ಟೀಚರ್’ ಮಾದರಿಯಲ್ಲಿ ‘ಐನೆ’ ಸೇರಿಸಬಾರದು, ಹಾಗೆಯೇ ಹೆಂಗಸರು ‘ಲೇರೆರ್’ ಎನ್ನದೆ ‘ಲೇರೆರಿನ್’ ಎನ್ನಬೇಕು.

ನಿಜವಾದ ತೊಡಕು ಇದರ ನಂತರ ಬರುತ್ತದೆ. ಪರಿಚಯ ಮುಗಿದೊಡನೆ ಪರೀಕ್ಷಕರು ಹೆಸರನ್ನೋ ಊರನ್ನೋ ಅಕ್ಷರ ಬಿಡಿಸಿ ಹೇಳಲು, ಆಮೇಲೆ ಫೋನ್ ನಂಬರನ್ನೋ ಪಿನ್ ಕೋಡನ್ನೋ ಹೇಳಲು ಕೇಳುತ್ತಾರೆ. ‘ಬುಖ್‌ಷ್ಟಬೀರೆನ್’ ಎಂಬ ಮಾತು ಕಿವಿಗೆ ಬಿದ್ದರೆ ಅಕ್ಷರ ಬಿಡಿಸಬೇಕೆಂದು ಅರ್ಥ. ಆ ಗಳಿಗೆಯಲ್ಲಿ ನಾಲಿಗೆಗೆ ಬರುವುದು ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಕ್ಷರಗಳ ಹೆಸರು. ‘ಹಿರೇಮಠ’ದಲ್ಲಿನ ‘ಐ’ ಅಕ್ಷರದ ಜರ್ಮನ್ ಹೆಸರು ‘ಈ’. ಇಂಗ್ಲಿಷ್‌ನ ‘ಈ’ಗೆ ಅಲ್ಲಿ ‘ಏ’ ಎನ್ನುತ್ತಾರೆ, ಇಂಗ್ಲಿಷ್‌ನ ‘ಎ’ಗೆ ‘ಆ’ ಎನ್ನುತ್ತಾರೆ. ಹೀಗಾಗಿ ಇಂಗ್ಲಿಷ್ ರೂಢಿಯಲ್ಲಿ ಬಿಡಿಸಿ ಹೇಳಿದರೆ ಪರೀಕ್ಷಕರು ಬರೆದುಕೊಳ್ಳುವ ಹೆಸರೇ ಬೇರೆಯಾಗುತ್ತದೆ.

ಇದಕ್ಕೆ ಪರಿಹಾರ ನಮ್ಮ ವರ್ಣಮಾಲೆಯಲ್ಲೇ ಇದೆ. ಕನ್ನಡದ ದೀರ್ಘ ಸ್ವರಗಳಾದ ಆ, ಏ, ಈ, ಓ, ಊ ಜರ್ಮನ್‌ನ ಐದು ಸ್ವರಾಕ್ಷರಗಳ ಹೆಸರುಗಳಿಗೆ ಕ್ರಮವಾಗಿ ಹೊಂದುತ್ತವೆ. ಇಂಗ್ಲಿಷನ್ನು ಬದಿಗಿಟ್ಟು, ಕನ್ನಡದಲ್ಲಿ ಆ ಅಕ್ಷರ ಹೇಗೆ ಕೇಳಿಸಬೇಕೋ ಹಾಗೇ ಹೇಳಿದರೆ ಮುಗಿಯಿತು. ವ್ಯಂಜನಗಳಲ್ಲಿ ಕೆಲವನ್ನು ಮಾತ್ರ ಬಾಯಿಪಾಠ ಮಾಡಬೇಕಾಗುತ್ತದೆ: ಇಂಗ್ಲಿಷ್‌ನ ‘ಜೆ’ ಅಲ್ಲಿ ‘ಯೋಟ್’, ‘ಜಿ’ ಅಲ್ಲಿ ‘ಗೇ’, ‘ವೈ’ ಅಲ್ಲಿ ‘ಉಪ್ಸಿಲೋನ್’. ‘ವಿ’ಗೆ ‘ಫೌ’ ಎಂದೂ ‘ಡಬ್ಲ್ಯೂ’ಗೆ ‘ವೇ’ ಎಂದೂ ಹೆಸರಿರುವುದರಿಂದ ವೀಣಾ, ವಿನಯ್ ಎಂಬ ಹೆಸರಿನವರು ವಿಶೇಷ ಎಚ್ಚರ ವಹಿಸಬೇಕು. ಜ್ಯೋತಿಯವರು ತಮ್ಮ ಹೆಸರನ್ನು ಬಿಡಿಸುವುದು ಹೀಗೆ: ಯೋಟ್, ಉಪ್ಸಿಲೋನ್, ಓ, ಟೇ, ಹಾ, ಈ. ಮನೆತನದ ಹೆಸರು: ಹಾ, ಈ, ಎರ್, ಏ, ಎಮ್, ಆ, ಟೇ, ಹಾ. ಸರಿಯಾಗಿದೆಯೇ ಎಂದು ತಿಳಿಯಲು ಜರ್ಮನ್ ಕಲಿಯುತ್ತಿರುವ ಮತ್ತೊಬ್ಬರಿಗೆ ಹೇಳಿ ಬರೆಸಬೇಕು. ಅವರ ಕಾಗದದ ಮೇಲೆ ನಿಮ್ಮ ಪಾಸ್‌ಪೋರ್ಟಿನ ಹೆಸರೇ ಮೂಡಿದರೆ ಅಭ್ಯಾಸ ಸಾಕು.

ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಹೇಳುವುದು ಕ್ಷೇಮ. 577002 ಎಂಬ ಪಿನ್ ಕೋಡ್ ‘ಫ್ಯುನ್ಫ್, ಝೀಬೆನ್, ಝೀಬೆನ್, ನುಲ್, ನುಲ್, ತ್ಸ್ವೈ’ ಆಗುತ್ತದೆ. ‘ಡಬಲ್ ಸೆವೆನ್’ ಎನ್ನುವ ನಮ್ಮ ರೂಢಿಯನ್ನು ಇಲ್ಲಿ ಬಿಡಬೇಕು. ಎರಡೆರಡು ಅಂಕಿಗಳನ್ನು ಜೋಡಿಸಿ ಹೇಳಲು ಹೊರಟರೆ ಜರ್ಮನ್‌ನಲ್ಲಿ ಬಿಡಿ ಮೊದಲು, ಹತ್ತು ಆಮೇಲೆ ಬರುವುದರಿಂದ (28 ಎಂದರೆ ‘ಎಂಟು ಮತ್ತು ಇಪ್ಪತ್ತು’) ಅಂಕಿಗಳು ಅದಲುಬದಲಾಗುತ್ತವೆ. ಪ್ರಶ್ನೆ ಅರ್ಥವಾಗದಿದ್ದರೆ ಸುಮ್ಮನಿರದೆ “ನೊಖ್ ಐನ್‌ಮಾಲ್, ಬಿಟ್ಟೆ” ಎಂದು ಇನ್ನೊಮ್ಮೆ ಕೇಳಬಹುದು.

ಇನ್ನು ಅರ್ಜಿ. ಬರವಣಿಗೆಗೆ ಇರುವ 20 ನಿಮಿಷಗಳಲ್ಲಿ ಅರ್ಜಿಯ ಜೊತೆಗೆ ಸುಮಾರು 30 ಪದಗಳ ಒಂದು ಪುಟ್ಟ ಪತ್ರವನ್ನೂ ಬರೆಯಬೇಕಾದ್ದರಿಂದ, ಅರ್ಜಿಗೆ ಆರೇಳು ನಿಮಿಷಕ್ಕಿಂತ ಹೆಚ್ಚು ಕೊಡಬಾರದು. ಅದರಲ್ಲಿ ತುಂಬಬೇಕಾದ ಖಾಲಿ ಜಾಗ ಐದೇ. ಆದರೆ ಅಲ್ಲಿ ತುಂಬಬೇಕಾದುದು ನಿಮ್ಮ ವಿವರವಲ್ಲ, ಮೇಲೆ ಕೊಟ್ಟ ನಾಲ್ಕಾರು ಸಾಲಿನ ಪಠ್ಯದಲ್ಲಿ ಬರುವ ಪರಿಚಿತರ ವಿವರ. ಗಾಬರಿಯಲ್ಲಿ ತಮ್ಮ ಊರನ್ನೇ ಬರೆದು ಬಂದವರಿದ್ದಾರೆ.

ಅಭ್ಯಾಸಕ್ಕೆಂದು ನಾನು ಕೊಡುವ ಒಂದು ಪಠ್ಯ ಹೀಗಿದೆ: ಲಿಸ್ಬನ್‌ನಲ್ಲಿ ಹುಟ್ಟಿದ ನಿಮ್ಮ ಗೆಳತಿ ಆನಾ ಕೋಸ್ತಾ ಎರಡು ವರ್ಷಗಳಿಂದ ಲೈಪ್‌ತ್ಸಿಗ್‌ನಲ್ಲಿದ್ದಾರೆ. 2016ರ ಮೇ 3ರಂದು ಹುಟ್ಟಿದ ಮಗ ತಿಯಾಗೊನನ್ನು ಈಜಿನ ತರಗತಿಗೆ ಸೇರಿಸಬೇಕಾಗಿದೆ. ಸೋಮವಾರದಿಂದ ಶುಕ್ರವಾರದವರೆಗೆ ಅವರಿಗೆ ಕೆಲಸವಿರುವುದರಿಂದ ಮಗನನ್ನು ಕರೆತರಲಾಗದು. ಅವರ ಬಳಿ ಕ್ರೆಡಿಟ್ ಕಾರ್ಡ್ ಇಲ್ಲ.

ಅರ್ಜಿಯ ಮೇಲ್ಭಾಗದಲ್ಲಿ ‘ಕಿಂಟ್’, ಅಂದರೆ ಮಗು, ಎಂದಿರುವುದನ್ನು ಮೊದಲು ನೋಡಬೇಕು. ‘ಫಮೀಲಿಯೆನ್‌ನಾಮೆ’ಯ ಎದುರು ಕೋಸ್ತಾ ಎಂದು ಮುದ್ರಿತವಾಗಿದ್ದರೆ, ‘ಫೋರ್‌ನಾಮೆ’ಯ ಎದುರು ಬರೆಯಬೇಕಾದುದು ತಿಯಾಗೊ ಎಂದೇ ಹೊರತು ಆನಾ ಎಂದಲ್ಲ. ‘ಗೆಬುರ್ಟ್ಸ್‌ಡಾಟುಮ್’ಗೆ 03.05.2016 ಎಂದು ದಿನ, ತಿಂಗಳು, ವರ್ಷದ ಕ್ರಮದಲ್ಲಿ, ನಡುವೆ ಚುಕ್ಕೆಯಿಟ್ಟು ಬರೆಯಬೇಕು. ‘ವೋನ್‌ಓರ್ಟ್’ ಎಂದರೆ ಈಗ ವಾಸವಿರುವ ಊರಾದ್ದರಿಂದ ಉತ್ತರ ಲೈಪ್‌ತ್ಸಿಗ್. ಲಿಸ್ಬನ್ ಇಲ್ಲಿ ದಾರಿ ತಪ್ಪಿಸಲೆಂದೇ ಇದೆ. ‘ಕುರ್ಸ್‌ಟಾಗ್’ ಎಂಬಲ್ಲಿ ಬುಧವಾರ ಮತ್ತು ಶನಿವಾರದ ಎರಡು ಚೌಕಗಳಿದ್ದು, ತಾಯಿಯ ಕೆಲಸದ ದಿನಗಳನ್ನು ಕಳೆದರೆ ಉಳಿಯುವುದು ಶನಿವಾರ, ಅಂದರೆ ‘ಜಾಮ್ಸ್‌ಟಾಗ್’. ‘ತ್ಸಾಲುಂಗ್ಸ್‌ವೈಸೆ’ ಎಂದರೆ ಹಣ ಪಾವತಿಸುವ ವಿಧಾನ. ಅಲ್ಲಿ ‘ಬಾರ್’ (ನಗದು) ಮತ್ತು ‘ಕ್ರೆಡಿಟ್‌ಕಾರ್ಟೆ’ ಎಂದಿದ್ದರೆ ನಗದನ್ನೇ ಆರಿಸಬೇಕು.

ಚೌಕಗಳ ವಿಷಯದಲ್ಲಿ ನಮ್ಮವರಿಗೆ ಒಂದು ಗೊಂದಲವಿದೆ. ಬೇಕಾದುದಕ್ಕೆ ರೈಟ್ ಗುರುತು ಹಾಕುವುದು, ಬೇಡದ್ದನ್ನು ಹೊಡೆದುಹಾಕುವುದು ನಮ್ಮ ಅರ್ಜಿಗಳ ಪದ್ಧತಿ. ಜರ್ಮನ್‌ನಲ್ಲಿ ‘ಆನ್‌ಕ್ರೊಯ್ತ್ಸೆನ್’ ಎಂದರೆ ಆರಿಸಿದ ಚೌಕದಲ್ಲೇ ಗುಣಾಕಾರ ಚಿಹ್ನೆ ಹಾಕುವುದು. ಬೇಡದ ಚೌಕವನ್ನು ಖಾಲಿ ಬಿಡಬೇಕು. ಅಂಕಿಗಳಲ್ಲಿಯೂ ಒಂದು ಭೇದವಿದೆ: ಜರ್ಮನ್ನರು 1ಕ್ಕೆ ಮೇಲಿನಿಂದ ಎಡಕ್ಕೆ ಇಳಿಯುವ ಗೆರೆ ಎಳೆಯುವುದರಿಂದ, ನಾವು ಬರೆಯುವ 7 ಅವರ ಕಣ್ಣಿಗೆ 1ರಂತೆ ಕಾಣಬಹುದು. ಆದ್ದರಿಂದ 7ರ ನಡುವೆ ಅಡ್ಡಗೆರೆ ಎಳೆಯುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಬೇಕು.

ಪ್ರಶ್ನೆಪತ್ರಿಕೆಯ ಅರ್ಜಿಯಲ್ಲಿ ಬರೆದ ಐದೂ ಉತ್ತರಗಳನ್ನು ಕೊನೆಗೆ ‘ಆಂಟ್‌ವೋರ್ಟ್‌ಬೋಗೆನ್’ ಎಂಬ ಉತ್ತರ ಹಾಳೆಗೆ ಇಳಿಸಬೇಕಾಗುತ್ತದೆ. ಅದಕ್ಕೆಂದು ಹೆಚ್ಚುವರಿ ಸಮಯವಿರದ ಕಾರಣ, ಪತ್ರ ಮುಗಿಯುವವರೆಗೆ ಕಾಯದೆ, ಐದನೆಯ ಜಾಗ ತುಂಬಿದ ಕೂಡಲೇ ಇಳಿಸಿಬಿಡುವಂತೆ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.